ಹುಟ್ಟಿದ ವರ್ಷ ಕೇಳುವ ಬೀಗ

ಅದು ಬೇಸಿಗೆಯೋ, ಮಳೆ ಶುರುವಾದ ಮೇಲೋ, ಈಗ ಖಚಿತವಿಲ್ಲ. ಅಕ್ಕನ ಟ್ಯಾಬ್ಲೆಟ್ಟಿನ ಕವರು ಹಸಿರು ಎಂದು ಬರೆಯಹೊರಟೆ, ನೀಲಿಯೂ ಇದ್ದಿರಬಹುದು. ಬಂದ ಸಿಟ್ಟು ಮಾತ್ರ ಚೆನ್ನಾಗಿ ನೆನಪಿದೆ.

ಆಗ ನಾನು ಪೋಷಕರಿಗಾಗಿದ್ದ ಒಂದು ಸಣ್ಣ ವೆಬ್‌ಸೈಟಿಗೆ ಮಕ್ಕಳ ಆ್ಯಪ್‌ಗಳ ವಿಮರ್ಶೆ ಬರೆಯುತ್ತಿದ್ದೆ. ಜಾಹೀರಾತು, ಆ್ಯಪ್ ಒಳಗಿನ ಖರೀದಿ, ಪಾಠದ ಗುಣಮಟ್ಟ, ಮಗು ಪರದೆ ನೋಡುವ ಹೊತ್ತು, ಇವಕ್ಕೆ ಬೇರೆ ಬೇರೆ ಅಂಕ. ಅಕ್ಕ ಬಾಗಲಗುಂಟೆಯಲ್ಲಿ ಶಿಶುವಿಹಾರ ನಡೆಸುತ್ತಿದ್ದಳು. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರ ಮಕ್ಕಳು. ಟ್ಯಾಬ್ಲೆಟ್ಟಿನಲ್ಲಿ ಅಕ್ಷರ ಕಲಿಸುವ ಆ್ಯಪ್ ದಿನಕ್ಕೆ ಇಪ್ಪತ್ತೇ ನಿಮಿಷ, ಆಮೇಲೆ ತಾನೇ ನಿಲ್ಲುತ್ತದೆ ಎಂದು ತಾಯಂದಿರಿಗೆ ಮಾತು ಕೊಟ್ಟಿದ್ದಳು. ರಾಯಚೂರು ಕಡೆಯ ಒಬ್ಬ ತಾಯಿ ಮಾತ್ರ ನಂಬಲಿಲ್ಲ. "ನಮ್ ಹುಡುಗಿ ಕಣ್ಣಾಗ ನೀರ್ ಬರಾಕತ್ತಾವ್ರೀ ಟೀಚರ್. ಹಿಂಗಾದ್ರ ಬಿಡಿಸ್ತೀನಿ ನೋಡ್ರಿ."

ಅದಕ್ಕೇ ಅಕ್ಕನಿಗೆ ನನ್ನ ವಿಮರ್ಶೆ ಬೇಕಾಯಿತು. "ಚೆನ್ನಾಗಿದೆ ಅಂತ ನಾಕು ಸಾಲು ಬರ್ದ್ಬಿಡು ಕಣೇ. ಆಯಮ್ಮನಿಗೆ ತೋರಿಸ್ತೀನಿ."

ಮಕ್ಕಳ ಹಿಂದೆ ಕೂತು ನೋಡಿದೆ. ಇ ಎಂದರೆ ಇಗ್ಲೂ ಅಂತೆ, ಹಿಮದ ಮನೆ. ಅಕ್ಕಿ ಮೂಟೆಯ ಹಿಂದೆಯೇ ಇಲಿ ಓಡಾಡುವ ಊರಲ್ಲಿ! ಎರಡು ಅಕ್ಷರಕ್ಕೊಮ್ಮೆ ಬಲೂನು ಒಡೆಯುವ ಆಟದ ಜಾಹೀರಾತು. ಅದನ್ನು ಮುಚ್ಚುವ ಗುರುತು ಎಳ್ಳಿನಷ್ಟು, ಅದೂ ಐದು ಸೆಕೆಂಡು ಕಾದರೆ. ಮಕ್ಕಳು ಅದನ್ನೂ ಪಾಠವೆಂದುಕೊಂಡು ಬಲೂನು ಒತ್ತಿ ಬೇರೆ ಆಟ ಇಳಿಸಿಕೊಳ್ಳುವ ಪುಟಕ್ಕೆ ಹೋಗಿ ಬಾಯಿಬಿಟ್ಟುಕೊಂಡು ನಿಂತರು. ಕಾಗುಣಿತ ಬೇಕಾದರೆ ದುಡ್ಡು ಕಟ್ಟಬೇಕಿತ್ತು.

ಇಪ್ಪತ್ತು ನಿಮಿಷಕ್ಕೆ ಪರದೆಯಲ್ಲಿ ಪಾಠ ಹೇಳುತ್ತಿದ್ದ ಗೂಬೆ ಮಲಗಿತು, ಆ್ಯಪ್ ನಿಂತಿತು. ಎಬ್ಬಿಸಲು ದೊಡ್ಡವರೇ ಬೇಕು. ದೊಡ್ಡವರೆಂದು ತೋರಿಸಲು ಹುಟ್ಟಿದ ವರ್ಷ ಒತ್ತಬೇಕು. ಆ ರಾಯಚೂರಿನ ತಾಯಿಯ ನಾಲ್ಕು ವರ್ಷದ ಮಗಳು ಟಪಟಪನೆ ನಾಲ್ಕು ಅಂಕಿ ಒತ್ತಿದಳು. ಗೂಬೆ ಎದ್ದಿತು.

"ಯಾವ ನಂಬರ್ ಹಾಕ್ದೆ ಪುಟ್ಟಿ?"

"ಟೀಚರ್ ನಂಬರ್ರೀ."

ಅಕ್ಕನ ಹುಟ್ಟಿದ ವರ್ಷ! ಮದುವೆಯ ಮಾತುಕತೆಯಲ್ಲಿ ಎರಡು ವರ್ಷ ಮುಚ್ಚಿಟ್ಟವಳ ನಿಜವಾದ ವರ್ಷ. ಖರೀದಿಯ ಪುಟವೂ ಅದಕ್ಕೇ ತೆರೆಯಿತು.

"ಕಾರ್ಡೇ ಹಾಕಿಲ್ಲ ಬಿಡೇ, ಅದೇನ್ ಕೊಂಡ್ಕೋತಾರೆ?" ಎಂದಳು ಅಕ್ಕ, ಅನ್ನದ ಪಾತ್ರೆ ಇಳಿಸುತ್ತಾ.

"ದುಡ್ಡಿನ ಮಾತಲ್ಲ ಅಕ್ಕ. ಇಪ್ಪತ್ತು ನಿಮಿಷ ಅಂದಿದ್ಯಲ್ಲ?"

"ಹನ್ನೊಂದು ಮಕ್ಕಳು, ನಾನೊಬ್ಳು. ಎಂಎ ಮಾಡಿದೀಯಲ್ಲ, ಬಾ, ಒಂದಿನ ಸಂಭಾಳಿಸು."

ಮನೆಗೆ ಬಂದು ವಿಮರ್ಶೆಗೆ ಕೂತೆ. ಪರದೆಯ ಹೊತ್ತಿಗೆ ಸೊನ್ನೆ ಕೊಟ್ಟೆ. ಬೀಗವನ್ನು ಮಗುವೇ ತೆಗೆಯುತ್ತದೆ ಎಂದು ಬರೆದೆ. ಯಾರ ವರ್ಷ ಒತ್ತಿ ಎಂಬುದನ್ನು ಬಿಟ್ಟೆ. ಅದು ದಾಕ್ಷಿಣ್ಯವೋ ಹೇಡಿತನವೋ, ಇನ್ನೂ ತೀರ್ಮಾನಿಸಿಲ್ಲ. ಅಕ್ಕ ವಿಮರ್ಶೆಯನ್ನು ಯಾರಿಗೂ ತೋರಿಸಲಿಲ್ಲ. ಆ ತಾಯಿ ತಿಂಗಳೊಳಗೆ ಮಗಳನ್ನು ಬಿಡಿಸಿಕೊಂಡಳು.

ಸುದ್ದಿ ತಿಳಿದ ದಿನ ಅಕ್ಕನಿಗೆ ಫೋನು ಮಾಡಿ ಕೇಳಿದೆ.

"ಅಕ್ಕ, ಆ ವರ್ಷನ ಮಕ್ಕಳು ನಿನ್ನ ಕೈ ನೋಡಿ ಕಲಿತ್ವಾ, ಇಲ್ಲಾ ನೀನೇ ಹೇಳ್ಕೊಟ್ಯಾ?"