ಮಾತಿಲ್ಲದ ಟೇಪಿನಲ್ಲಿ ಒಂದು ಮಾತು

ಮುಂಬಯಿಯಲ್ಲಿ ನನಗಿದ್ದ ಕೆಲಸ ಏನೆಂದು ಕೋಲಸಿರ್ಸಿಯ ನಮ್ಮ ಅಜ್ಜಿಗೆ ತಿಳಿಸಿ ಹೇಳಲು ನನ್ನಿಂದ ಕೊನೆಯವರೆಗೂ ಆಗಲಿಲ್ಲ. ಸಾಕ್ಷ್ಯಚಿತ್ರಗಳ ಫಿಲ್ಮು ಕತ್ತರಿಸಿ, ಬೇಕಾದ ತುಂಡುಗಳನ್ನು ಒಂದಕ್ಕೊಂದು ಅಂಟಿಸುವುದು ಎಂದರೆ ಅವಳು ಎಲೆಗೆ ಸುಣ್ಣ ಹಚ್ಚುತ್ತ, "ಹರಿಯದು ಎಂತಕ್ಕೆ, ಅಂಟ್ಸದು ಎಂತಕ್ಕೆ ತಮಾ? ಮೊದ್ಲೇ ಸಮಾ ತೆಗದ್ರೆ ಆಗ್ತಿಲ್ಯ?" ಎನ್ನುತ್ತಿದ್ದಳು. ನಮ್ಮ ನಿರ್ದೇಶಕರಿಗೆ ಕೇಳಬೇಕಾದ ಪ್ರಶ್ನೆ ಅದು. ಕೇಳುವ ಧೈರ್ಯ ನನಗಿರಲಿಲ್ಲ.

ಅರವತ್ತರ ದಶಕದ ಒಂದು ಚಳಿಗಾಲ ಅವರು ಶಿರಸಿಯ ಪೂರ್ವಕ್ಕೆ, ಬನವಾಸಿಯ ಹಾದಿಯ ಒಂದು ಊರಿಗೆ ಹೋಗಿ ಆಲೆಮನೆಯ ಚಿತ್ರ ತೆಗೆದುಕೊಂಡು ಬಂದರು. ಚಿತ್ರದ ನಾಯಕ ಒಬ್ಬ ಮುದುಕ. ಸುತ್ತಲಿನ ರೈತರೆಲ್ಲ ಸರದಿಯಂತೆ ಕಬ್ಬು ತಂದು ಅರೆಯುತ್ತಿದ್ದರು. ಯಾರದೇ ಕಬ್ಬಿರಲಿ, ಪಾಕ ನೋಡುವವನು ಈ ಅಜ್ಜನೇ. ಬೇರೆ ಕಡೆ ಪಾಕ ಬಂತೋ ಇಲ್ಲವೋ ಎಂದು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಅಜ್ಜ ನೀರು ಮುಟ್ಟುತ್ತಿರಲಿಲ್ಲ. ಕೊಪ್ಪರಿಗೆಯ ಪಕ್ಕ ನಿಂತು, ನೊರೆ ನೋಡಿ, "ಇಳಸ್ರೋ!" ಎಂದು ಕೂಗುತ್ತಿದ್ದ. ಅವನ ಹೆಸರಿದ್ದದ್ದೇ ಅದರಲ್ಲಿ. ಆ ಕೂಗು ಬೇಗ ಬಂದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ, ಹರಿಯುವ ಜೋನಿಯಾಗಿ ಉಳಿಯುತ್ತದೆ. ತಡವಾದರೆ ಕಪ್ಪಾಗಿ ಕಹಿಯಾಗುತ್ತದೆ. ಸಿದ್ದಾಪುರದ ಕಡೆಯ ನಮಗೆ ಜೋನಿಯೇ ಬೇಕು, ದೋಸೆಗೆ ಅದೇ ರುಚಿ. ಪೇಟೆಗೆ ಹೋಗುವ ಆ ಊರಿನವರ ಬೆಲ್ಲ ಮಾತ್ರ ಕಲ್ಲಿನಂತೆ ನಿಲ್ಲಬೇಕು.

ನಿರ್ದೇಶಕರು ಉತ್ತರ ಭಾರತದವರು, ಕನ್ನಡ ಬಾರದು. ನಿರೂಪಣೆಯ ಮೊದಲ ಸಾಲನ್ನು ಆಗಲೇ ಬರೆದಿಟ್ಟಿದ್ದರು: 'ಈ ಮನುಷ್ಯನ ಕಣ್ಣೇ ಇಲ್ಲಿನ ಅಳತೆಗೋಲು.' ನನಗೆ ಹೇಳಿದ್ದು ಇಷ್ಟೇ: "ಅಜ್ಜ ಕೊಪ್ಪರಿಗೆಯನ್ನು ದಿಟ್ಟಿಸುವ ಒಂದು ಒಳ್ಳೆಯ ಶಾಟ್ ಹುಡುಕು. ನಾಳೆ ಬೆಳಿಗ್ಗೆ ನೋಡೋಣ."

ಹಗಲು ನಮ್ಮ ಸಂಕಲನದ ಯಂತ್ರ ಬೇರೆಯವರ ಪಾಲು, ರಾತ್ರಿ ನನ್ನದು. ಊಟ ಮುಗಿಸಿ ಬಂದು, ಬಿಳಿ ಹತ್ತಿಯ ಕೈಚೀಲ ತೊಟ್ಟು, ಸುರುಳಿಗಳನ್ನು ಒಂದೊಂದಾಗಿ ಓಡಿಸುತ್ತ ಕುಳಿತೆ. ಯಂತ್ರದ ಪುಟ್ಟ ಗಾಜಿನ ಮೇಲೆ ಗಾಣ ತಿರುಗಿತು, ಎತ್ತು ತಿರುಗಿತು, ಹೊಗೆ ಎದ್ದಿತು. ಅಜ್ಜ ಬಂದ. ಬೆಂಕಿಯ ಬೆಳಕಿನಲ್ಲಿ ಚೆಂದದ ಮುಖ. ಆದರೆ ಒಂದು ಶಾಟಿನಲ್ಲೂ ಅವನು ಕೊಪ್ಪರಿಗೆ ನೋಡುತ್ತಿಲ್ಲ! ಕೊಪ್ಪರಿಗೆಯತ್ತ ಮುಖವಿದೆ, ನಿಜ. ಕೂಗುವ ಹೊತ್ತು ಬಂದಾಗ ಮಾತ್ರ ತಲೆ ಸ್ವಲ್ಪ ಎಡಕ್ಕೆ, ಹಿಂದಕ್ಕೆ ವಾಲುತ್ತದೆ. ಮೆಣಸಿನ ಒಗ್ಗರಣೆ ಹಾಕುತ್ತ ಬಾಗಿಲ ಸದ್ದಿಗೆ ಕಿವಿಗೊಟ್ಟವರ ಹಾಗೆ.

ಹತ್ತಿರದ ಶಾಟುಗಳೆಲ್ಲ ಮೊದಲ ಸಲ ಕಾಯಿಸಿದ ಕೊಪ್ಪರಿಗೆಯವು. ದೊಡ್ಡ ದೀಪ ಹಚ್ಚಿ, "ಕ್ಯಾಮೆರಾದ ಮುಂದೆ ಯಾರೂ ಬೇಡ" ಎಂದು ಹೆಂಗಸರನ್ನೆಲ್ಲ ಹೊರಗೆ ಕಳಿಸಿ ತೆಗೆದದ್ದು. ಆ ಕೊಪ್ಪರಿಗೆ ಕೆಟ್ಟುಹೋಗಿತ್ತು, ಬೆಲ್ಲ ಕಹಿ. ದೀಪದ ಝಳಕ್ಕೆ ಹಾಗಾಯಿತು ಎಂದು ಅಜ್ಜ ಹೇಳಿದನಂತೆ, ಎಲ್ಲರೂ ನಂಬಿದ್ದರು. ಫಿಲ್ಮಿನಲ್ಲಿ ನೋಡಿದರೆ ಅಜ್ಜ ಎಡಕ್ಕೆ ತಲೆ ವಾಲಿಸಿ ಕಾಯುತ್ತಾನೆ, ಮತ್ತೆ ವಾಲಿಸುತ್ತಾನೆ, ಹೊಗೆ ಕಪ್ಪಾಗುತ್ತದೆ, ಆಮೇಲೆ ಗಾಬರಿಯಾಗಿ ಕೂಗುತ್ತಾನೆ. ಏನನ್ನು ಕಾಯುತ್ತಿದ್ದ? ಅಲ್ಲಿ ಗೋಡೆಯ ತಟ್ಟಿ ಬಿಟ್ಟರೆ ಏನೂ ಇರಲಿಲ್ಲ.

ಎರಡನೆಯ ಕೊಪ್ಪರಿಗೆ ಚೆನ್ನಾಗಿ ಬಂದಿತ್ತು. ಅದನ್ನು ಹೊರಗಿನ ಗದ್ದೆಯಿಂದ, ದೂರದ ಲೆನ್ಸಿನಲ್ಲಿ ತೆಗೆದಿದ್ದರು. ಅದಕ್ಕೆ ಸದ್ದು ಜೋಡಿಸುವ ಯೋಚನೆ ಯಾರಿಗೂ ಇರಲಿಲ್ಲ. ಚಿತ್ರಕ್ಕೂ ಸದ್ದಿಗೂ ಗುರುತಾಗಲೆಂದು ಶಾಟಿನ ಮೊದಲು ಬಡಿಯುವ ಹಲಗೆಯನ್ನು ಬಡಿದೂ ಇರಲಿಲ್ಲ. ಆಗಿನ ನಮ್ಮ ಕ್ಯಾಮೆರಾ ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತಿತ್ತು. ಅದು ಹತ್ತಿರವಿದ್ದರೆ ಧ್ವನಿಗ್ರಾಹಕನಿಗೆ ಕೆಲಸವಿಲ್ಲ. ಕ್ಯಾಮೆರಾ ದೂರ ಹೋದದ್ದೇ ಅವನು ಸಂತೋಷದಿಂದ ಮೈಕನ್ನು ಒಲೆಯ ಪಕ್ಕದ ಕಂಬಕ್ಕೆ ಕಟ್ಟಿ, ಟೇಪು ಓಡಲು ಬಿಟ್ಟು ಕಬ್ಬಿನ ಹಾಲು ಕುಡಿಯಲು ಹೋಗಿದ್ದ. ಡಬ್ಬಿಯ ಮೇಲೆ ಬರೆದದ್ದು: 'ಕುದಿಯುವ ಸದ್ದು. ಮಾತಿಲ್ಲ.' ಮಾತಿಲ್ಲದ ಟೇಪನ್ನು ಯಾರು ಕೇಳುತ್ತಾರೆ? ಮಾತಿದ್ದ ಟೇಪುಗಳನ್ನಷ್ಟೇ ಶಾಲೆಯ ಮಾಸ್ತರರೊಬ್ಬರು ಅನುವಾದ ಮಾಡಿಕೊಟ್ಟಿದ್ದರು.

ನನಗೆ ಅದು ಬೇಕಾದದ್ದು ಬೇರೆ ಕಾರಣಕ್ಕೆ. ಫಿಲ್ಮು ಕತ್ತರಿಸಿದ ಕಡೆಯೆಲ್ಲ ಸದ್ದೂ ತುಂಡಾಗಿ ಕಿವಿಗೆ ಒದೆಯುತ್ತದೆ. ಒಂದೇ ಸಮನೆ ಕುದಿಯುವ ಸದ್ದನ್ನು ಅಡಿಯಲ್ಲಿ ಹಾಸಿದರೆ ಆ ಗಾಯ ಮುಚ್ಚುತ್ತದೆ. ಕೆಮ್ಮು, ಕೂಗು ಇಲ್ಲದ ಒಂದು ಉದ್ದ ತುಂಡು ಬೇಕೆಂದು ಕಿವಿಗೆ ಹೆಡ್‌ಫೋನು ಹಾಕಿ ಕೇಳತೊಡಗಿದೆ. ಗೊಳಗೊಳ, ಗೊಳಗೊಳ. ಎತ್ತಿನ ಕೊರಳ ಗಂಟೆ. ಗೊಳಗೊಳ ಸಣ್ಣಗಾಗಿ, ದಪ್ಪನಾಗಿ, ಪಟಪಟವಾಯಿತು. ಆಗ, ಮೈಕಿಗೆ ತೀರ ಹತ್ತಿರದಲ್ಲಿ, ಹೆಂಗಸಿನ ಮೆಲುದನಿ:

"ಮಾವಾರ, ನೊರಿ ಕುಂತೈತಿ, ಬಣ್ಣ ಜೇನಿನಂಗ ಆಗೇತಿ. ಇಳಸಂತ ಹೇಳ್ರಿ."

ಮರುಕ್ಷಣ ಅಜ್ಜನ ದೊಡ್ಡ ದನಿ: "ಇಳಸ್ರೋ!"

ಟೇಪನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದೆ. ಮತ್ತೆ ಕೇಳಿದೆ. ಒಂದು ಸಲ ಕೇಳಿ ನಂಬುವ ಜಾತಿ ನಮ್ಮದಲ್ಲ. ಈ ಮಾತು ಆ ಎರಡನೆಯ ಕೊಪ್ಪರಿಗೆಯದೇ ಹೌದೋ ಅಲ್ಲವೋ ಎಂದು ನೋಡಬೇಕಿತ್ತು. ಪಕ್ಕದ ಕೋಣೆಗೆ ಹೋಗಿ ಅಷ್ಟು ಭಾಗವನ್ನು ಅಂಚಿಗೆ ತೂತುಗಳಿರುವ ಧ್ವನಿಫಿಲ್ಮಿಗೆ ಇಳಿಸಿಕೊಂಡು ಬಂದೆ. ಹಾಗಾದರೆ ಮಾತ್ರ ಚಿತ್ರವೂ ಸದ್ದೂ ಯಂತ್ರದ ಒಂದೇ ಹಲ್ಲುಚಕ್ರದ ಮೇಲೆ ಜೊತೆಯಾಗಿ ಓಡುತ್ತವೆ. ಹಲಗೆ ಬಡಿದಿಲ್ಲ, ಇನ್ನೆಲ್ಲಿಂದ ಹೊಂದಿಸುವುದು? ಕಲ್ಮಶ ತೆಗೆಯುವ ಆಳು ಜಾಲರಿ ಸೌಟನ್ನು ಕೊಪ್ಪರಿಗೆಯ ಅಂಚಿಗೆ ಎರಡು ಸಲ ಕುಟ್ಟಿದ್ದ. ಟೇಪಿನಲ್ಲಿ ಟಣ್ ಟಣ್. ಚಿತ್ರದಲ್ಲಿ ಸೌಟು ತಾಗಿದ ಫ್ರೇಮು. ಎರಡಕ್ಕೂ ಹಳದಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಗುರುತಿಗೆ ಗುರುತು ಕೂಡಿಸಿ ಓಡಿಸಿದೆ.

ಕೂಡಿತು. ದೂರದ ಆ ಶಾಟಿನಲ್ಲಿ ಅಜ್ಜನ ಎಡಕ್ಕೆ, ಒಂದು ಹೆಜ್ಜೆ ಹಿಂದೆ, ಸೌದೆ ಹೊತ್ತು ನಿಂತ ಒಬ್ಬ ಹೆಂಗಸು. ತಲೆಯ ಮೇಲೆ ಸೆರಗು. ಮಾತು ಬಂದ ಹೊತ್ತಿಗೆ ಅಜ್ಜನ ತಲೆ ಅತ್ತ ವಾಲಿತು, ಬಾಯಿ ತೆರೆಯಿತು. ಅಳತೆಗೋಲು ಅವನ ಕಣ್ಣಲ್ಲ. ಅವನಿಗೆ ಕಣ್ಣೇ ಕಾಣುತ್ತಿರಲಿಲ್ಲ.

ಬೆಳಿಗ್ಗೆ ನಿರ್ದೇಶಕರು ಬಂದಾಗ, "ನೋಡುವ ಶಾಟು ಇಲ್ಲ" ಎಂದಷ್ಟೇ ಹೇಳಿದೆ. ಉಳಿದದ್ದು ನನ್ನ ಮಾತಲ್ಲ, ಆ ಮನೆಯವರ ಮಾತು. ಈ ಚಿತ್ರ ಕನ್ನಡದಲ್ಲೂ ಬರುವುದಿತ್ತು. ದೊಡ್ಡ ಸಿನೆಮಾದ ಮುಂಚೆ, ಆ ಊರಿನವರೂ ನೋಡುವ ಶಿರಸಿಯ ಥಿಯೇಟರಿನಲ್ಲೂ ಓಡುವುದಿತ್ತು. ನಿರ್ದೇಶಕರು ಸಿಡುಕಿ, "ಹಾಗಾದರೆ ಕ್ಯಾಮೆರಾದವನ ಜೊತೆ ನೀನೇ ಹೋಗು, ನೋಡುವ ಕಣ್ಣು ತೆಗೆದುಕೊಂಡು ಬಾ" ಎಂದರು. ಹುಬ್ಬಳ್ಳಿಗೆ ರೈಲು, ಅಲ್ಲಿಂದ ಯಲ್ಲಾಪುರದ ಮೇಲೆ ಶಿರಸಿಯ ಬಸ್ಸು. ಮೊಣಕಾಲ ಮೇಲೆ ಬ್ಯಾಟರಿಯ ಟೇಪು ಯಂತ್ರ.

ಆಲೆಮನೆಯಲ್ಲಿ ಜನ ತುಂಬಿದ್ದರು, ಪಾಕಕ್ಕೆ ಇನ್ನೂ ಹೊತ್ತಿತ್ತು. ನಾನು ಅಜ್ಜನ ಮನೆಗೆ ಹೋಗಿ, ಕ್ಯಾಮೆರಾದವನನ್ನು ಹೊರಗೆ ಕೂರಿಸಿ, ಜಗಲಿಯಲ್ಲಿ ಅಜ್ಜನಿಗೂ ಒಳಬಾಗಿಲಲ್ಲಿ ನಿಂತ ಸೊಸೆಗೂ ಮಾತ್ರ ಕೇಳುವ ಹಾಗೆ ಟೇಪು ಹಾಕಿದೆ. ಕುದಿಯಿತು, ಮಾತು ಬಂತು, ಕೂಗು ಬಂತು.

ಅಜ್ಜ ಸದ್ದು ಬಂದ ಕಡೆಗೆ ಮುಖ ತಿರುಗಿಸಿದ. ಕಣ್ಣಿನ ನಡುವೆ ಬೂದುಬಣ್ಣದ ಪೊರೆ ನನಗೆ ಈಗ ಕಂಡಿತು.

"ನನ್ನ ದನಿ ಇಷ್ಟ್ ಒಡಕೈತೇನ್ ತಮ್ಮಾ?" ಎಂದ.

ಸೊಸೆ ಬಾಗಿಲಿಂದಲೇ ಕೈ ಮುಗಿದಳು. "ಅಣ್ಣಾರ, ಅದನ್ನ ಅಳಿಸಿಬಿಡ್ರಿ. ಮಾವಾರಿಗೆ ಕಾಣ್ಸಂಗಿಲ್ಲ ಅಂತ ಗೊತ್ತಾದ್ರ ಕೊಪ್ಪರಿಗಿ ಹತ್ರ ಯಾರ್ ಬಿಟ್ಕೊಂತಾರ್ರಿ? ಈ ಮನಿ ನಡಿಯೂದು ಅದ್ರಾಗ."

"ನೀರಿಗೆ ಬಿಟ್ಟು ಉಂಡೆ ನೋಡಬಹುದಿತ್ತಲ್ಲ ಅಜ್ಜಾ," ಎಂದೆ.

"ಇಷ್ಟ್ ವರ್ಸ ನೀರ್ ಮುಟ್ಟದಾಂವ ಈಗ ಮುಟ್ಟಿದ್ರ ಕೂಸು ಸುದ್ದಾ ಕೇಳ್ತೈತಿ, ಅಜ್ಜಗ ಏನಾತು ಅಂತ," ಎಂದ. "ಮಗ ತೀರಿಕೊಂಡ ಮ್ಯಾಲೆ ಅಕಿಗೆ ನೊರಿ ತೋರಿಸಿ ತೋರಿಸಿ ಕಲಿಸ್ದೆ. ಆಟಕ್ಕ ಕಲಿಸ್ದಂಗ. ಸುಗ್ಗಿ ಮುಗೀಲಿ, ಹುಬ್ಬಳ್ಳಿಗೆ ಹೋಗಿ ಪೊರಿ ತೆಗಸೂಣಂತ ಅಂತೀನಿ. ಸುಗ್ಗಿ ಮುಗದ್ರ ಚಾಕುವಿನ ಅಂಜಿಕಿ ಬರ್ತೈತಿ." ಆಮೇಲೆ ಟೇಪು ಯಂತ್ರದ ಕಡೆಗೆ ಕೈಚಾಚಿ ಕೇಳಿದ: "ಆ ಕೊಪ್ಪರಿಗಿ ಹೆಂಗ್ ಬಂದಿತ್ತು?"

"ಚಲೋ ಬಂದಿತ್ತು."

"ಅಕಿನ್ನ ಹೊರಗ ಹಾಕಿದ್ದು?"

"ಕಹಿ."

"ಮತ್ತ ಯಾವುದನ್ನ ಅಳಸ್ತೀ?" ಎಂದು ಎದ್ದು, ಕೋಲು ಹುಡುಕಿದ. ಸೊಸೆ, "ಬ್ಯಾಡ್ರಿ ಮಾವಾರ, ಊರಾಗ ನಗ್ತಾರ್ರಿ," ಎನ್ನುತ್ತ ಹಿಂದೆ ಬಂದಳು. "ಸಿನೆಮಾದಾಗ ಕೇಳಿ ನಗೂದಕ್ಕಿಂತ ನಾ ಹೇಳ್ದಾಗ ನಗ್ಲಿ," ಎಂದ.

ಅಂದಿನ ಸರದಿ ಮೀಸೆಯ ಗೌಡನೊಬ್ಬನದು. ಅಜ್ಜ ಒಲೆಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ನನಗ ಎರಡು ವರ್ಸದಿಂದ ಕಣ್ಣು ಕಾಣ್ಸಂಗಿಲ್ಲ. ನೀವು ತಿಂದ ಬೆಲ್ಲ ಎಲ್ಲ ಈಕಿ ನೋಡಿದ್ದು. ಇವತ್ತು ಕೂಗೂದೂ ಈಕೀನ."

ಗಾಣದ ಎತ್ತನ್ನೂ ಯಾರೋ ನಿಲ್ಲಿಸಿಬಿಟ್ಟರು. ಗೌಡ ಕುದಿಯುವ ತನ್ನ ಕಬ್ಬಿನ ಹಾಲನ್ನು ನೋಡಿದ, ಆಕೆಯನ್ನು ನೋಡಿದ. "ಹೆಣ್ಮಗಳು ಕೊಪ್ಪರಿಗಿ ಮುಂದ ಕೂಗಿದ್ದು ಎಲ್ಲೈತಿ ಅಜ್ಜಾ? ನನ್ನ ಬೆಲ್ಲ ಕಹಿ ಆದ್ರ?"

"ಆದ್ರ ನಾಳಿಯಿಂದ ಇಬ್ಬರೂ ಇಲ್ಲಿಗೆ ಬರಂಗಿಲ್ಲ."

ಗೌಡ ಮೀಸೆಯ ಕೆಳಗೆ ಏನೋ ಗೊಣಗಿ, "ಒಂದ ಕೊಪ್ಪರಿಗಿ," ಎಂದ.

ಆಕೆ ಅಜ್ಜನ ಜಾಗಕ್ಕೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೊರೆಯನ್ನೇ ನೋಡುತ್ತ ನಿಂತಳು. ಕ್ಯಾಮೆರಾದವನಿಗೆ ಸನ್ನೆ ಮಾಡಿದೆ. ಅವನು ಕೀಲಿ ಕೊಟ್ಟು ಓಡಿಸುವ ಸಣ್ಣ ಕ್ಯಾಮೆರಾ ಹಿಡಿದು ಆಕೆಯ ಮುಖಕ್ಕೆ ಹತ್ತಿರ ಹೋದ. ನಿರ್ದೇಶಕರು ಕೇಳಿದ ಕಣ್ಣು ಅಲ್ಲಿತ್ತು. ಉಕ್ಕುವ ನೊರೆ ದಪ್ಪವಾಯಿತು, ಕುಳಿತಿತು. ಆಳುಗಳು ಕೈಗೆ ಗೋಣಿ ಸುತ್ತಿಕೊಂಡು ಕಾದರು. ಆಕೆ ಅಜ್ಜನ ಕಡೆ ಒಮ್ಮೆ ತಿರುಗಿದಳು. ಅವನು ಬೇಕೆಂದೇ ಮುಖ ಬೇರೆ ಕಡೆ ಮಾಡಿಕೊಂಡಿದ್ದ.

"ಇಳಸ್ರೀ," ಎಂದಳು. ಯಾರೂ ಅಲುಗಾಡಲಿಲ್ಲ. "ಇಳಸ್ರೋ ಅಂದ್ನೆಲ್ಲ, ಕಿವಿ ಕೇಳ್ಸಂಗಿಲ್ಲೇನ್ರೋ!" ಎಂದು ಒದರಿದಳು. ಕೊಪ್ಪರಿಗೆ ಇಳಿಯಿತು.

ಬೆಲ್ಲ ಅಚ್ಚಿನಲ್ಲಿ ಆರುವವರೆಗೆ ಯಾರೂ ಮನೆಗೆ ಹೋಗಲಿಲ್ಲ. ಗೌಡ ತಾನೇ ಮೊದಲ ಅಚ್ಚನ್ನು ಬೋರಲು ಹಾಕಿ ತಟ್ಟಿದ. ಹೊಂಬಣ್ಣದ ಗಟ್ಟಿ ಬೆಲ್ಲ ಹಲಗೆಯ ಮೇಲೆ ಬಿತ್ತು, ಮೂಲೆಯೂ ಮುರಿಯಲಿಲ್ಲ. ಚೂರು ಮುರಿದು ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲಿ ತಿರುಗಿಸಿ, ಇನ್ನೊಂದು ಚೂರು ಅಜ್ಜನ ಅಂಗೈಯಲ್ಲಿಟ್ಟ. ಆಮೇಲೆ ಆಕೆಯ ಕಡೆ ತಿರುಗಿ, ನೆಲ ನೋಡುತ್ತ ಕೇಳಿದ:

"ನಾಳಿ ಒಲಿ ಎಷ್ಟೊತ್ತಿಗೆ ಹಚ್ಚೂಣು, ತಂಗಿ?"