ಗುಂಯ್ ಎನ್ನುತ್ತಿದ್ದ ವಾಲ್ವು

ಇಂಡಿಯಲ್ಲಿ ಹನಿ ನೀರಾವರಿ ಸಾಮಾನು ಮಾರುವ ಅಂಗಡಿಯೊಂದರಲ್ಲಿ ನಾನು ಎಲೆಕ್ಟ್ರಿಷಿಯನ್. ಹೆಣ್ಣುಮಗಳೊಬ್ಬಳು ಚೀಲದ ತುಂಬ ನಟ್ಟು ಬಿಚ್ಚುವ ಪಾನಾ, ಟೆಸ್ಟರ್ ಹೇರಿಕೊಂಡು ತೋಟಕ್ಕೆ ಬಂದರೆ ನಮ್ಮ ಕಡೆ ಜನ ಈಗಲೂ ಕೆಲಸ ಬಿಟ್ಟು ನಿಂತು ನೋಡುತ್ತಾರೆ. ನೋಡಲಿ, ನನಗೇನು. ಆದರೆ ನಮ್ಮ ಮಾಲೀಕರಿಗೆ ಅದೇ ದೊಡ್ಡ ತಲೆನೋವು. ಒಂದು ಬೆಳಿಗ್ಗೆ ಅವರು ಸುತ್ತುಬಳಸಿ ಮಾತಾಡಲಿಲ್ಲ.

“ಸಿಂದಗಿ ರಸ್ತೆದಾಗಿನ ನಿಂಬಿ ತೋಟಕ್ಕ ಹೋಗು. ಇದು ಕಡೀ ಸಲ ನೋಡವಾ. ಅಲ್ಲಿ ವಾಲ್ವ್ ತೆರೀಲಿಲ್ಲಂದ್ರ ನಾಳಿಂದ ಕೌಂಟರ್‌ನಾಗ ಕುಂತು ಬಿಲ್ ಬರಿ. ತ್ವಾಟದ ಕೆಲಸ ಗಂಡಸರು ನೋಡ್ಕೋತಾರ.”

ಬಿಲ್ಲು ಬರೆಯುವುದಕ್ಕೆ ನಾನು ಎರಡು ವರ್ಷ ಐಟಿಐಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬರಲಿಲ್ಲ. ಸಿಟ್ಟು ನೆತ್ತಿಗೇರಿತು. “ಹೂಂ ರಿ” ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡೆ.

ಆ ತೋಟಕ್ಕೆ ನಮ್ಮ ಹಿರಿಯ ಮೆಕ್ಯಾನಿಕ್ ಆಗಲೇ ಎರಡು ಸಲ ಹೋಗಿ ಬಂದಿದ್ದರು. ಮೊದಲ ಸಲ ಸುಟ್ಟಿದ್ದ ಕಾಯಿಲ್ ಬದಲಿಸಿದರು. ಎರಡನೇ ಸಲ “ವಾಲ್ವೇ ಕೆಟ್ಟೈತಿ, ಎಲ್ಲಾ ಹೊಸಾದು ಹಾಕ್ಬೇಕು” ಎಂದು ತೀರ್ಪು ಕೊಟ್ಟರು. ಕುಣಿಯಲಾರದವಳಿಗೆ ನೆಲ ಡೊಂಕು. ಆ ದಿನ ಅವರೂ ನನ್ನ ಜೊತೆ ಬಂದರು. ಕೆಲಸಕ್ಕಲ್ಲ, ನಾನು ಸೋಲುವುದನ್ನು ನೋಡಲಿಕ್ಕೆ.

ತೋಟದ ಯಜಮಾನರು ಅರವತ್ತು ದಾಟಿದ ಕಾಕಾ. ನನ್ನನ್ನೊಮ್ಮೆ, ಮೆಕ್ಯಾನಿಕ್ಕರನ್ನೊಮ್ಮೆ ನೋಡಿದರು. “ಈ ತಂಗಿ ಮಾಡ್ತಾಳೇನು?” ಎಂದು ಅವರನ್ನೇ ಕೇಳಿದರು.

“ತಂಗೀನ್ನೇ ಕೇಳ್ರಿ ಕಾಕಾ. ಬಾಯಿ ಐತಿ ನನಗ” ಎಂದೆ.

ಮೆಕ್ಯಾನಿಕ್ ನಕ್ಕು, ಶೆಡ್ಡಿನೊಳಗೆ ಚಹಾ ಕುಡಿಯಲು ಹೋದರು. ಕಾಕಾ ಉಳಿದರು. ಅದೇ ಒಳ್ಳೆಯದಾಯಿತು.

ವಾಲ್ವು ಬಾವಿಯ ಪಕ್ಕದಲ್ಲಿ, ನೀರು ಫಿಲ್ಟರ್ ದಾಟಿ ಗಿಡಗಳ ಕಡೆ ಹೋಗುವ ಪೈಪಿನಲ್ಲಿ ಇತ್ತು. ಹಿತ್ತಾಳೆಯ ಮೈ, ತಲೆಯ ಮೇಲೆ ಕಾಯಿಲ್. ಕರೆಂಟು ಹರಿದಾಗ ಕಾಯಿಲ್ ಅಯಸ್ಕಾಂತವಾಗಿ ಒಳಗಿನ ಕಬ್ಬಿಣದ ಕಡ್ಡಿಯನ್ನು ಮೇಲಕ್ಕೆ ಎಳೆಯುತ್ತದೆ. ಕಡ್ಡಿ ಮುಚ್ಚಿದ್ದ ಸಣ್ಣ ತೂತು ತೆರೆದರೆ ಸಾಕು, ಮುಂದಿನದನ್ನು ನೀರಿನ ಒತ್ತಡವೇ ಮಾಡಿಕೊಳ್ಳುತ್ತದೆ. ಕಾಕಾ ಪಕ್ಕದ ನಿಯಂತ್ರಣದ ಪೆಟ್ಟಿಗೆಯಲ್ಲಿ ವಾಲ್ವಿನ ಗುಂಡಿ ಒತ್ತಿದರು. ಗುಂಯ್ ಎಂದು ಜೋರಾಗಿ ಸದ್ದು ಬಂತೇ ಹೊರತು ನೀರು ಬರಲಿಲ್ಲ.

ಕಾಯಿಲ್ ಮೇಲೆ ಕೈಯಿಟ್ಟೆ. ಅಷ್ಟು ಕಿರುಚುತ್ತಿದ್ದರೂ ಹೆಚ್ಚು ಬಿಸಿ ಇರಲಿಲ್ಲ. ಧೂಳು ಒರೆಸಿ ಅಕ್ಷರ ಓದಿದೆ: ಇಪ್ಪತ್ತನಾಲ್ಕು ವೋಲ್ಟ್, ಡಿಸಿ. ಪೆಟ್ಟಿಗೆಯಲ್ಲಿದ್ದ ಟ್ರಾನ್ಸ್‌ಫಾರ್ಮರ್ ಕೊಡುತ್ತಿದ್ದದ್ದೂ ಇಪ್ಪತ್ತನಾಲ್ಕೇ, ಆದರೆ ಎಸಿ. ಮೆಕ್ಯಾನಿಕ್ ಅಂಕಿ ನೋಡಿ ಹಾಕಿದ್ದರು, ಪಕ್ಕದ ಎರಡು ಅಕ್ಷರ ನೋಡಿರಲಿಲ್ಲ. ಡಿಸಿಗೆಂದು ಸುತ್ತಿದ ಕಾಯಿಲ್‌ಗೆ ಎಸಿ ಕೊಟ್ಟರೆ ಅದರಲ್ಲಿ ಸಾಕಷ್ಟು ಕರೆಂಟೇ ಹರಿಯುವುದಿಲ್ಲ. ಕಡ್ಡಿ ಇದ್ದಲ್ಲೇ ನಡುಗುತ್ತದೆ, ಏಳುವುದಿಲ್ಲ. ಚೀಲದಲ್ಲಿದ್ದ ಎಸಿ ಕಾಯಿಲ್ ತೆಗೆದು ಹಾಕಿದೆ. ಗೆದ್ದೆ ಎಂದುಕೊಂಡು ಗುಂಡಿ ಒತ್ತಿದೆ.

ಮತ್ತೆ ಗುಂಯ್! ಈ ಸಲ ಕಾಯಿಲ್ ನೋಡನೋಡುತ್ತಲೇ ಬಿಸಿಯೇರಿತು. ಕಡ್ಡಿ ಮೇಲೇರಿ ಕೂರದಿದ್ದರೆ ಎಸಿ ಕಾಯಿಲ್ ವಿಪರೀತ ಕರೆಂಟು ಎಳೆದು ಸುಟ್ಟುಹೋಗುತ್ತದೆ. ಮೊದಲಿನದು ಹೇಗೆ ಸುಟ್ಟಿತ್ತು ಎಂಬುದು ಆಗ ತಿಳಿಯಿತು. ತಕ್ಷಣ ಆರಿಸಿದೆ.

“ಹೇಳಿದ್ನಲ್ಲಾ!” ಎಂದು ಶೆಡ್ಡಿನಿಂದ ಮೆಕ್ಯಾನಿಕ್ ಕೂಗಿದರು. ಒಂದು ಕ್ಷಣ ಕೌಂಟರ್, ಬಿಲ್ ಪುಸ್ತಕ, ಎಲ್ಲ ಕಣ್ಣೆದುರು ಬಂದವು. ಭಯವಾಯಿತು, ಸುಳ್ಳೇಕೆ ಹೇಳಲಿ. ಆದರೆ ಚೀಲ ಕಟ್ಟಲಿಲ್ಲ.

ಮೋಟರ್ ಓಡುವಾಗ ಮೀಟರ್ ಹಿಡಿದು ನೋಡಿದರೆ ಇಪ್ಪತ್ತನಾಲ್ಕು ಇದ್ದದ್ದು ಇಪ್ಪತ್ತಕ್ಕೆ ಇಳಿಯುತ್ತಿತ್ತು. ವೋಲ್ಟೇಜ್ ಬಿದ್ದರೆ ಕಾಯಿಲ್‌ನ ಬಲ ಅದಕ್ಕಿಂತ ಹೆಚ್ಚು ಬೀಳುತ್ತದೆ. ಅಷ್ಟೇ ಆಗಿದ್ದರೆ ಮೋಟರ್ ಬಂದ್ ಮಾಡಿದ ಮೇಲೆ ವಾಲ್ವು ತೆರೆಯಬೇಕಿತ್ತಲ್ಲ? ಬಂದ್ ಮಾಡಿಸಿದೆ. ಆಗಲೂ ತೆರೆಯಲಿಲ್ಲ. ಆಗ ಫಿಲ್ಟರ್ ಮೇಲಿನ ಒತ್ತಡದ ಮುಳ್ಳು ನೋಡಿದೆ. ಮೋಟರ್ ನಿಂತಿದ್ದರೂ ಮುಳ್ಳು ಎಂಟು ಕಿಲೋದಲ್ಲಿ ಗೂಟ ಹೊಡೆದಂತೆ ನಿಂತಿತ್ತು. ಅದು ತೆರೆಯಬಲ್ಲ ಗರಿಷ್ಠ ಒತ್ತಡ ಎಂದು ವಾಲ್ವಿನ ಮೈಮೇಲೆ ಬರೆದದ್ದು ಆರೇ ಕಿಲೋ.

“ಕಾಕಾ, ಕರೆಂಟ್ ಬಂದ ಕೂಡ್ಲೇ ಮೋಟರ್ ತಾನಾ ಚಾಲೂ ಆಗ್ತೈತೇನ್ರಿ?”

“ಹೌದವಾ, ಆಟೋ ಐತಿ. ಮದ್ಲ ಐದು ನಿಮಿಷ ಬಿಟ್ಟು ಹತ್ತತಿತ್ತು. ತ್ರೀ ಫೇಸ್ ಬರೂದಾ ಎಷ್ಟೊತ್ತು? ಐದು ನಿಮಿಷ ಯಾಕ ಹಾಳು ಮಾಡೂದಂತ ಬಟನ್ ತಿರುವಿ ಸೊನ್ನೀಕ ತಂದೀನಿ.”

ಸಿಕ್ಕಿತು! ಕರೆಂಟು ಬಂದ ಮೇಲೆ ನಿಯಂತ್ರಣದ ಪೆಟ್ಟಿಗೆ ಎಚ್ಚೆತ್ತು ವಾಲ್ವಿಗೆ ತೆರೆಯೆಂದು ಹೇಳಲು ಒಂದೆರಡು ನಿಮಿಷ ಬೇಕು. ಅಷ್ಟರೊಳಗೆ ಮೋಟರ್ ಮುಚ್ಚಿದ ವಾಲ್ವಿಗೆ ನೀರು ದಬ್ಬಿ ಎಂಟು ಕಿಲೋ ಒತ್ತಡ ಏರಿಸಿಬಿಡುತ್ತಿತ್ತು. ಆ ಒತ್ತಡ ಕಡ್ಡಿಯನ್ನು ಕೆಳಕ್ಕೆ ಒತ್ತಿ ಹಿಡಿದರೆ ಕಾಯಿಲ್ ಎಳೆದೀತು ಹೇಗೆ? ಮೋಟರ್ ನಿಲ್ಲಿಸಿದರೂ ಬಾವಿಯ ಕಡೆಗಿನ ಹಿಮ್ಮುಖ ತಡೆ ನೀರನ್ನು ವಾಪಸ್ ಬಿಡದು, ಒತ್ತಡ ಅಲ್ಲೇ ಸೆರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಮೋಟರಿನ ಅವಸರಕ್ಕೆ ಎಲ್ಲರೂ ವಾಲ್ವನ್ನು ಬೈಯುತ್ತಿದ್ದರು.

ಫಿಲ್ಟರಿನ ತಳದ ನಲ್ಲಿ ತಿರುವಿದೆ. ನೀರು ಚಿಮ್ಮಿ ಮುಖಕ್ಕೆ ಹೊಡೆಯಿತು. ಮುಳ್ಳು ಎರಡಕ್ಕೆ ಇಳಿದಾಗ ನಲ್ಲಿ ಮುಚ್ಚಿ ಗುಂಡಿ ಒತ್ತಿದೆ. ಟಕ್! ಗುಂಯ್ ಸದ್ದು ನಿಂತು ಬರೀ ಸಣ್ಣ ಗುನುಗು ಉಳಿಯಿತು. “ಈಗ ಮೋಟರ್ ಹಚ್ರಿ” ಎಂದೆ. ಪೈಪುಗಳೆಲ್ಲ ಬಿಗಿದುಕೊಂಡು, ನಿಂಬೆ ಗಿಡಗಳ ಬುಡದಲ್ಲಿ ನೀರು ತೊಟ್ಟಿಕ್ಕತೊಡಗಿತು. ಸ್ಟಾರ್ಟರಿನ ಬಟನ್ನನ್ನು ಐದು ನಿಮಿಷಕ್ಕೆ ತಿರುಗಿಸಿಟ್ಟೆ. ಕಾಕಾ ತಕರಾರು ಮಾಡಲಿಲ್ಲ.

ಸದ್ದು ಕೇಳಿ ಮೆಕ್ಯಾನಿಕ್ ಹೊರಬಂದರು. ನೀರು ನೋಡಿದರು. ಒಂದು ಮಾತೂ ಕೇಳದೆ ಫೋನ್ ತೆಗೆದು ಮಾಲೀಕರಿಗೆ ಹಚ್ಚಿದರು. “ಹಾಂ ಸಾಹೇಬ್ರ, ಆತ್ರಿ. ನಾ ಕೂಡ ಬಂದಿದ್ನಲ್ಲ, ಹುಡುಗಿಗೆ ಹಿಂಗ ಮಾಡು ಹಂಗ ಮಾಡು ಅಂತ ಹೇಳಿ ಮಾಡಿಸೀನಿ.”

ನನಗೆ ತಡೆಯಲಾಗಲಿಲ್ಲ. ಮೋಟರ್ ಓಡುತ್ತಿರುವಂತೆಯೇ ವಾಲ್ವಿನ ಗುಂಡಿ ಆರಿಸಿದೆ. ನೀರು ನಿಂತಿತು, ಮುಳ್ಳು ಎಂಟಕ್ಕೆ ಏರಿತು. ಆಮೇಲೆ ಮೋಟರನ್ನೂ ಬಂದ್ ಮಾಡಿದೆ.

“ಈಗ ನೀವು ತೆಗೀರಿ ಅಣ್ಣಾರ. ಫೋನ್ ಚಾಲೂನೇ ಇರ್ಲಿ, ಸಾಹೇಬ್ರೂ ಕೇಳ್ಲಿ.”

ಅವರು ಗುಂಡಿ ಒತ್ತಿದರು. ಗುಂಯ್. ಇನ್ನೊಮ್ಮೆ ಒತ್ತಿದರು. ಗುಂಯ್. ಪಾನಾದಿಂದ ವಾಲ್ವಿನ ತಲೆಗೆ ಒಂದು ಕುಟ್ಟಿದರು. ಕಾಯಿಲ್ ಸುಟ್ಟೀತೆಂದು ನಾನೇ ಗುಂಡಿ ಆರಿಸಿದೆ. ಕಾಕಾ ಅವರ ಕೈಯಿಂದ ಫೋನ್ ಇಸಿದುಕೊಂಡರು.

“ಸಾಹೇಬ್ರ, ನೀರ ಬರೋ ಹಂಗ ಮಾಡಿದಾಕಿ ಈ ತಂಗಿ. ಇವರು ಚಾ ಕುಡಿದ್ರು ಅಷ್ಟ.” ಎಂದು ಹೇಳಿ ಫೋನನ್ನು ನನಗೆ ಕೊಟ್ಟರು.

ಆ ಕಡೆ ಮಾಲೀಕರು ಗಂಟಲು ಸರಿಮಾಡಿಕೊಂಡರು. “ಆತು ಬಿಡು. ನಾಳೆ ಮುದ್ದೇಬಿಹಾಳದಾಗ ಇಂಥಾದ ಒಂದೈತಿ. ನಮ್ಮ ಮೆಕ್ಯಾನಿಕ್ಕರ ಜೋಡಿ ಹೋಗು, ಅವರಿಗೆ ಕೈ ಹಚ್ಚು.”

“ಅವರ ಜೋಡಿ ನಾ ಹೋಗಂಗಿಲ್ರಿ” ಎಂದೆ. “ನನ್ನ ಜೋಡಿ ಅವರನ್ನ ಕಳಸ್ರಿ.”