ಪಗಾರದಾಕೆಗೊಂದು ಬಾಡಿಗೆ ಮನೆ

ಸೇಡಂನ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ನೌಕರಿ ಖಾಯಂ ಆದ ಮೇಲೆ ಬೆಳಗಿನ ಪಾಳಿ ಬಿತ್ತು. ಆರಕ್ಕೆ ಗೇಟಿನೊಳಗಿರಬೇಕು. ಶಹಾಬಾದ್ ಹತ್ತಿರದ ನಮ್ಮ ಭಂಕೂರಿನಿಂದ ಅಷ್ಟು ಹೊತ್ತಿಗೆ ಬಂದು ಮುಟ್ಟುವುದು ಆಗದ ಮಾತು. ಗೆಳತಿಯೊಬ್ಬಳ ಪಡಸಾಲೆಯಲ್ಲಿ ಮಲಗುತ್ತಿದ್ದೆ. ತಿಂಗಳ ಕೊನೆಗೆ ಅವಳ ಅತ್ತೆ ಬರುವವರಿದ್ದರು. ಅಷ್ಟರೊಳಗೆ ಮನೆ ಸಿಗದಿದ್ದರೆ ನೌಕರಿ ಬಿಡುವುದೊಂದೇ ದಾರಿ.

ಸೇಡಂನಲ್ಲಿ ಒಂದು ಮನೆ ಖಾಲಿಯಾಗುತ್ತದೆ ಎಂದರೆ ಸಾಕು, ಬ್ಯಾಂಕಿನವರು, ಮಾಸ್ತರರು, ಬೇರೆ ರಾಜ್ಯದ ಇಂಜಿನಿಯರುಗಳು, ಎಲ್ಲರೂ ಗಂಟುಬೀಳುತ್ತಿದ್ದರು. ಮಾಲೀಕರು ಕುರ್ಚಿ ಹಾಕಿಕೊಂಡು ಕುಳಿತು ನಮ್ಮನ್ನು ಆರಿಸುತ್ತಿದ್ದರು. ಎರಡು ಮನೆ ನನ್ನ ಕೈತಪ್ಪಿದವು. ಮೊದಲನೆಯ ಮಾಲೀಕರು ನನ್ನ ಪಗಾರ ಕೇಳಿ ಖುಷಿಪಟ್ಟರು, ಆಮೇಲೆ ನಮ್ಮ ಜಾತಿ ಕೇಳಿದರು, ಮರುದಿನ ಹೋದರೆ ಅವರ ತಮ್ಮನೇ ಆ ಮನೆಗೆ ಬರುತ್ತಾನೆ ಎಂದುಬಿಟ್ಟರು. ಎರಡನೆಯವರು ಮನೆಯಲ್ಲಿ ಯಾರು ಏನು ಮಾಡುತ್ತಾರೆಂದು ಕೇಳಿದರು. ಅಪ್ಪ ಇಲ್ಲ, ಅವ್ವ ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹೊಡೆಯುವ ಕೆಲಸಕ್ಕೆ ಹೋಗುತ್ತಾಳೆ ಎಂದೆ. ಅವರು ಮುಖ ಸಿಂಡರಿಸಿದರು.

ನನಗೂ ಸಿಟ್ಟು ಬಂತು. ಮೂರನೆಯ ಮನೆಗೆ ಹೋಗುವಾಗ ಮಾತನ್ನು ಕನ್ನಡಿ ಮುಂದೆ ಬಾಯಿಪಾಠ ಮಾಡಿದೆ: ಖಾಯಂ ನೌಕರಿ, ಪ್ರತಿ ತಿಂಗಳು ಬ್ಯಾಂಕಿಗೆ ಬೀಳುವ ಪಗಾರ, ಮನೆಯಲ್ಲಿ ಕಲ್ಲಿನ ವ್ಯಾಪಾರ. ಕೊನೆಯದು ಸುಳ್ಳು. ಒಂದೇ ಒಂದು ಸುಳ್ಳು, ಅದೇನು ಮಹಾ ಎಂದುಕೊಂಡೆ.

ಆ ಮನೆ ನಿವೃತ್ತ ಶಿಕ್ಷಕಿಯೊಬ್ಬರದು. ಕೆಳಗೆ ಅವರು, ಮೇಲೆ ಎರಡು ಕೋಣೆ. ಮೂರು ತಿಂಗಳ ಪಗಾರ ಚೀಟಿ, ನೇಮಕಾತಿ ಪತ್ರ, ಕಾರ್ಖಾನೆಯ ಗುರುತಿನ ಚೀಟಿ ಎಲ್ಲವನ್ನೂ ಫೈಲಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಬಾಯಿಪಾಠ ಒಪ್ಪಿಸಿದೆ. ಅವರು ಕನ್ನಡಕ ಏರಿಸಿಕೊಂಡು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಂತೆ ಓದಿದರು.

"ಕಾಗದ ಎಲ್ಲಾ ಬರೋಬ್ಬರಿ ಅವ. ಆದ್ರ ನಿನಕಿಂತ ಮೊದಲ ಬಂದ ಐದು ಮಂದೀನೂ ಇವನ್ನೇ ತೋರ್ಸ್ಯಾರ. ನಿಮ್ಮವ್ವಗ ಫೋನ್ ಹಚ್ಚು, ನಾ ಮಾತಾಡ್ತೀನಿ" ಎಂದರು.

ನಾನು ಹೇಳಿದ ಸುಳ್ಳು ಅವ್ವನಿಗೆ ಗೊತ್ತಿರಲಿಲ್ಲ. ಆದರೂ ಹಚ್ಚಿದೆ. ಅವರೇ ಸ್ಪೀಕರ್ ಒತ್ತಿದರು. ಮೊದಲು ಕೇಳಿದ್ದು ಅವ್ವನ ದನಿಯಲ್ಲ, ಕಲ್ಲಿನ ಮೇಲೆ ತಿರುಗುವ ಮಷೀನಿನ ಗರ್ರ್ ಸಪ್ಪಳ.

"ಅದೇನು ಸಪ್ಪಳ್ರಿ?" ಎಂದು ಶಿಕ್ಷಕಿ ಕೇಳಿದರು.

"ಪಾಲಿಶ್ ಮಷೀನ್ರಿ. ನಾ ಇಲ್ಲೇ ಕೂಲಿ ಮಾಡ್ತೀನಿ. ತಡೀರಿ, ಹೊರಗ ಬರ್ತೀನಿ."

ಶಿಕ್ಷಕಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಮನೆ ಹೋಯಿತು ಎಂದುಕೊಂಡೆ. ಶಿಕ್ಷಕಿ ನನ್ನ ಗುಣನಡತೆ ಕೇಳುವ ಮೊದಲೇ ಅವ್ವ ಶುರುಮಾಡಿದಳು.

"ಮನಿ ನಿಮ್ದೇನ್ರಿ? ನಳ ದಿನಾ ಬರ್ತದೋ, ದಿನ ಬಿಟ್ಟು ದಿನಾನೋ? ಮೆಟ್ಟಲಕ ಲೈಟ್ ಅದ ಏನ್ರಿ? ಬಾಗಲಕ ಒಳಗ ಚಿಲಕ ಹೆಂಗದ? ನನ್ನ ಮಗಳು ಕತ್ತಲ್ದಾಗ ಎದ್ದು ಡ್ಯೂಟಿಗಿ ಹೋಗಾಕಿ."

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ಶಿಕ್ಷಕಿ ಒಂದೊಂದಕ್ಕೂ ಉತ್ತರ ಕೊಡತೊಡಗಿದರು. ಚಿಲಕ ಸ್ವಲ್ಪ ಸಡಿಲ ಇದೆ ಎಂದು ಒಪ್ಪಿಕೊಂಡರು.

"ಹಂಗಾದ್ರ ಬದಲಿ ಮಾಡಿಸ್ರಿ. ಆಕಿ ಪಗಾರದಾಕಿ, ಬಾಡಿಗಿ ತಪ್ಪಂಗಿಲ್ಲ. ಮನಿ ಮಾತ್ರ ಚಂದ ಇರಬೇಕು" ಎಂದು ಅವ್ವ ಫೋನಿಟ್ಟಳು.

ನನ್ನ ಅವ್ವನ ಬಗ್ಗೆ ಅಂದಿನಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ. ಅದರೊಟ್ಟಿಗೇ ನಾಚಿಕೆಯೂ ಆಯಿತು. ಎದ್ದು ನಿಂತೆ. "ಟೀಚರ್, ವ್ಯಾಪಾರ ಅಂದಿದ್ದು ಸುಳ್ಳ್ರಿ. ನಮ್ಮವ್ವ ಕಲ್ಲು ಪಾಲಿಶ್ ಮಾಡಿ ನನ್ನ ಓದ್ಸ್ಯಾಳ. ನಮ್ಮ ಮನ್ಯಾಗ ತಿಂಗಳ ಪಗಾರ ತಗೊಳ್ಳಾಕಿ ನಾನೇ ಮೊದಲು" ಎಂದೆ.

"ಇದನ್ನ ಮೊದಲೇ ಹೇಳಬೇಕಿತ್ತಲ್ಲ" ಎಂದು ಅವರು ಗದರಿದರು. ಕಾಗದಗಳನ್ನು ಜೋಡಿಸಿ ನನ್ನ ಕೈಗಿಟ್ಟರು. "ಸುಳ್ಳು ನನಗ ಸೇರಂಗಿಲ್ಲ. ಆದ್ರ ನಿಮ್ಮವ್ವ ಸೇರಿದಳು. ಆಯ್ತಾರ ಕರಕೊಂಡು ಬಾ, ಚಿಲಕ ಹಾಕಿಸಿರ್ತೀನಿ."

ಭಾನುವಾರ ಅವ್ವ ಬಂದಳು. ಮೊದಲು ಹೊಸ ಚಿಲಕವನ್ನು ನಾಲ್ಕು ಸಲ ಹಾಕಿ ತೆಗೆದಳು, ಆಮೇಲೆ ನೆಲದ ಪರಸಿ ಸವರಿ ಪಾಲಿಶ್ ಅಷ್ಟಕ್ಕಷ್ಟೇ ಎಂದಳು. ಮರುದಿನ ಹನ್ನೊಂದು ತಿಂಗಳ ಕರಾರು ಬರೆಸಲು ಮೂವರೂ ಬಾಂಡ್ ರೈಟರ್ ಹತ್ತಿರ ಹೋದೆವು. ನನ್ನ ಹೆಸರಿನ ಮುಂದೆ ಆತ ಖಾಯಂ ನೌಕರಿ ಎಂದು ಬರೆದುಕೊಂಡ. ಸಾಕ್ಷಿಯಾಗಿ ಅವ್ವ ನಿಂತಿದ್ದಳು.

"ಇವರು ಏನ್ ಮಾಡ್ತಾರ?" ಎಂದು ಆತ ಕೇಳಿದ.

"ಕೂಲಿ" ಎಂದೆ. ಈ ಸಲ ಗಟ್ಟಿಯಾಗಿಯೇ ಹೇಳಿದೆ.

"ಬರೇ ಕೂಲಿ ಅಂತ ಬರೀಬ್ಯಾಡ್ರಿ" ಎಂದು ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. "ಇಪ್ಪತ್ತು ವರ್ಷದಿಂದ ಕಲ್ಲು ಪಾಲಿಶ್ ಮಾಡ್ತೀನಿ. ಅದನ್ನ ಬರೀರಿ."